ಗಿಡ ನೆಡೋಕೆ ಜನ ಕರೆಯುವ ಮುಂಚೆ ಏಪ್ರಿಲ್ ತಿಂಗಳ ಲೆಕ್ಕ ಹಾಕಿ

ಪ್ರಶ್ನೆ: ಸರ್, ನಾನು ಶಿರಾ ಕಡೆಯ ಒಂದು ಡಿಗ್ರಿ ಕಾಲೇಜಿನ ಪರಿಸರ ಕ್ಲಬ್‌ನ ಕಾರ್ಯದರ್ಶಿ. ಜೂನ್ 5ಕ್ಕೆ ಕಾಲೇಜಿನ ಹಿಂದಿನ ಒಂದು ಎಕರೆ ಜಾಗದಲ್ಲಿ 300 ಗಿಡ ನೆಡಬೇಕು ಅಂತಿದ್ದೀವಿ. ಹೋದ ವರ್ಷ 150 ಜನ ಬಂದಿದ್ರು. ಅರ್ಧ ಜನ ಫೋಟೊ ತೆಗೆಸಿಕೊಂಡು ಹೋದ್ರು. ಗಿಡಗಳೂ ಉಳಿಯಲಿಲ್ಲ. ಈ ಸಲ ವಾಲಂಟಿಯರ್‌ಗಳನ್ನು ಕರೆಯೋ ಪೋಸ್ಟ್ ಸರಿಯಾಗಿ ಬರೆಯಬೇಕು. ಯಾರಿಗೆ ಯಾವ ಕೆಲಸ, ಎಷ್ಟು ಹೊತ್ತಿಗೆ ಬರಬೇಕು, ಏನೇನು ತರಬೇಕು ಅಂತ ಹೇಗೆ ಹಾಕೋದು?

ಉತ್ತರ: ಪೋಸ್ಟ್‌ನ ಮಾತು ಆಮೇಲೆ. ಮೊದಲು ನಿಮ್ಮ 300ನ್ನು ಸ್ವಲ್ಪ ಅಲುಗಾಡಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ಶಿರಾ ಕಡೆ ಗಿಡ ಸಾಯುವುದು ನೆಟ್ಟ ವಾರದಲ್ಲಲ್ಲ. ಏಪ್ರಿಲ್‌ನಲ್ಲಿ. ಆಗ ನೀವೆಲ್ಲ ಎಲ್ಲಿರುತ್ತೀರಿ? ಪರೀಕ್ಷೆ ಹತ್ತಿರ ಬಂದಿರುತ್ತದೆ, ಇಲ್ಲವೇ ರಜೆಗೆ ಊರಿಗೆ ಹೋಗಿರುತ್ತೀರಿ. ಅದಕ್ಕೇ ಎಷ್ಟು ಗಿಡ ಎಂದು ತೀರ್ಮಾನಿಸುವಾಗ ಜಾಗ ನೋಡಬೇಡಿ, ನರ್ಸರಿಯವರು ಎಷ್ಟು ಕೊಡುತ್ತಾರೆ ಅಂತಲೂ ನೋಡಬೇಡಿ. ಏಪ್ರಿಲ್, ಮೇನಲ್ಲಿ ಬಿಂದಿಗೆ ಹಿಡಿಯುವ ಕೈ ಎಷ್ಟಿವೆ ಎಂದು ಎಣಿಸಿ.

ಒಂದು ಎಳೆ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೆ ಒಂದು ಸಲವಾದರೂ ಹತ್ತು ಲೀಟರ್ ನೀರು ಬೇಕು. ಇಬ್ಬರು ಸೇರಿದರೆ ಒಂದು ಸಂಜೆಗೆ 15 ಗಿಡಕ್ಕೆ ಆರಾಮಾಗಿ ಹಾಕಬಹುದು. ಅಂದರೆ 15 ಬಕೆಟ್. ನಲ್ಲಿಯೋ ತೊಟ್ಟಿಯೋ ಹತ್ತಿರವಿದ್ದರೆ ಒಂದು ಗಂಟೆಯ ಕೆಲಸ. ಕಾಲೇಜಿನಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಮನೆ ಇರುವ, ರಜೆಯಲ್ಲೂ ಅಲ್ಲೇ ಇರುವ ಎಂಟು ಜೋಡಿ ನಿಮಗೆ ಸಿಕ್ಕರೆ 120 ಗಿಡ ಉಳಿಸಬಹುದು. ಎಂಟು ಜೋಡಿ ಸಿಗದಿದ್ದರೆ ಅದಕ್ಕಿಂತ ಕಮ್ಮಿ ನೆಡಿ. ಈ ಜೋಡಿಗಳು ಮೊದಲ ಅಥವಾ ಎರಡನೇ ವರ್ಷದವರೇ ಆಗಿರಲಿ. ಕೊನೆಯ ವರ್ಷದವರು ಎಷ್ಟೇ ಉತ್ಸಾಹದಿಂದ ಕೈ ಎತ್ತಿದರೂ ಮುಂದಿನ ಬೇಸಿಗೆಯ ಹೊತ್ತಿಗೆ ಅವರು ಕಾಲೇಜು ಬಿಡುವ ಗಡಿಬಿಡಿಯಲ್ಲಿರುತ್ತಾರೆ.

ಹಾಗಾಗಿ 120 ಗಿಡ ಅಂತಿಟ್ಟುಕೊಂಡೇ ಮುಂದಿನದನ್ನು ಹೇಳುತ್ತೇನೆ. ಹೊಂಗೆ, ಬೇವು, ನೇರಳೆ, ಹುಣಸೆಯಂಥ ಮರಗಳಿಗೆ ಹದಿನೈದು ಅಡಿಗೊಂದರಂತೆ ಬಿಟ್ಟರೂ ಸುಮಾರು 25 ಗುಂಟೆ ಸಾಕು. ಉಳಿದ ಜಾಗ ಹಾಗೇ ಇರಲಿ, ಮುಂದಿನ ವರ್ಷದವರಿಗೂ ಏನಾದರೂ ಬೇಕಲ್ವಾ.

ಇನ್ನು ದಿನಾಂಕ. ಜೂನ್ 5 ಪರಿಸರ ದಿನ ಸರಿ, ಆದರೆ ಅದು ನಿಮ್ಮ ಊರಿನ ಮಳೆ ನೋಡಿ ಇಟ್ಟ ದಿನ ಅಲ್ಲ. ಮಲೆನಾಡಿನಲ್ಲಿ ಜೂನ್‌ನಲ್ಲಿ ನೆಟ್ಟರೆ ನಡೆಯುತ್ತದೆ. ಶಿರಾ, ಪಾವಗಡ, ಚಿತ್ರದುರ್ಗದ ಕಡೆ ಜೂನ್ ಜುಲೈನಲ್ಲಿ ಬರುವುದು ಮಳೆಗಿಂತ ಜಾಸ್ತಿ ಗಾಳಿಯೇ. ಒಳ್ಳೆ ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗೆ. ಅದಕ್ಕೆ ಆಗಸ್ಟ್ ಕೊನೆಯ ಭಾನುವಾರ ಇಟ್ಟುಕೊಳ್ಳಿ. ಮುಂದಿನ ಎರಡು ತಿಂಗಳ ಮಳೆಯಲ್ಲಿ ಬೇರು ಹಿಡಿಯುತ್ತದೆ. ಹೊಸ ಮಕ್ಕಳೂ ಅಷ್ಟರಲ್ಲಿ ಸೇರಿರುತ್ತಾರೆ. ಜೂನ್ 5ರಂದು ಏನಾದರೂ ಮಾಡಲೇಬೇಕು ಎಂದು ಪ್ರಿನ್ಸಿಪಾಲರು ಹೇಳಿದರೆ ಆವತ್ತು ಜಾಗ ಅಳೆದು, ಸುಣ್ಣದ ಗುರುತು ಹಾಕಿ. ಫೋಟೊಗೂ ಆಗುತ್ತದೆ.

ಈಗ ಕೆಲಸ ಹಂಚುವುದು. ಹೋದ ಸಲ ನಿಮ್ಮಲ್ಲಿ ಏನಾಗಿರಬಹುದು ಎಂದು ಊಹಿಸಬಲ್ಲೆ. 150 ಜನರನ್ನೂ ಒಂದೇ ಹೊತ್ತಿಗೆ ಕರೆದಿರಿ. ಗುದ್ದಲಿ ಇದ್ದದ್ದು ಹತ್ತೋ ಹನ್ನೆರಡೋ. ಗುಂಡಿ ತೆಗೆಯುವುದು, ನೆಡುವುದು ಎರಡನ್ನೂ ಆವತ್ತೇ ಇಟ್ಟುಕೊಂಡಿರಿ. ಒಬ್ಬ ಅಗೆಯುವಾಗ ಹತ್ತು ಜನ ನಿಂತು ನೋಡುತ್ತಾರೆ. ನಿಂತವರು ಫೋಟೊ ತೆಗೆಯದೆ ಇನ್ನೇನು ಮಾಡಬೇಕು? ಅದು ಹುಡುಗರ ಸೋಮಾರಿತನ ಅಲ್ಲ, ನಿಮ್ಮ ಲೆಕ್ಕದ ತಪ್ಪು.

ಅದಕ್ಕೆ ಗುಂಡಿ ಕೆಲಸವನ್ನು ಬೇರೆ ಮಾಡಿ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ. ಕೆಂಪು ಮಣ್ಣು ಒಂದು ಮಳೆ ಕಂಡು ಮೆತ್ತಗಾಗಿದ್ದರೆ, ಅಭ್ಯಾಸವಿಲ್ಲದ ಇಬ್ಬರಿಗೆ ಒಂದು ಗುಂಡಿಗೆ ಸುಮಾರು 40 ನಿಮಿಷ ಬೇಕು. ಇಪ್ಪತ್ತು ಜೋಡಿ, ಜೋಡಿಗೆ ಆರು ಗುಂಡಿ, ಒಟ್ಟು ನಾಲ್ಕು ಗಂಟೆ. ಒಂದೇ ದಿನ ನಾಲ್ಕು ಗಂಟೆ ಅಗೆಸಿದರೆ ಅಂಗೈಯಲ್ಲಿ ಬೊಬ್ಬೆ ಬಂದು ಮಾರನೇ ವಾರ ಯಾರೂ ಬರುವುದಿಲ್ಲ. ಆಗಸ್ಟ್‌ನ ಮೊದಲ ಎರಡು ಭಾನುವಾರ ಬೆಳಿಗ್ಗೆ ಎರಡೆರಡು ಗಂಟೆ ಇಟ್ಟುಕೊಳ್ಳಿ. ದುಡ್ಡಿದ್ದರೆ ಟ್ರ್ಯಾಕ್ಟರ್‌ಗೆ ಹಾಕುವ ಗುಂಡಿ ತೋಡುವ ಮೆಷಿನ್ ಬಾಡಿಗೆಗೆ ತನ್ನಿ. ಒಂದು ಬೆಳಿಗ್ಗೆಯಲ್ಲೇ ಮುಗಿಯುತ್ತದೆ. ಆದರೆ ಮೆಷಿನ್ ಗುಂಡಿಯ ಗೋಡೆ ಒಮ್ಮೊಮ್ಮೆ ಮಡಕೆಯಂತೆ ನುಣ್ಣಗಾಗಿಬಿಡುತ್ತದೆ, ಬೇರು ಒಳಗೇ ಸುತ್ತುತ್ತದೆ. ಹಾರೆಯಿಂದ ನಾಲ್ಕು ಕಡೆ ಕೆರೆಯಲು ಆಗಲೂ ಜನ ಬೇಕು. ಅಗೆಯುವಾಗ ಮೇಲಿನ ಮಣ್ಣನ್ನು ಒಂದು ಕಡೆ, ಕೆಳಗಿನದನ್ನು ಇನ್ನೊಂದು ಕಡೆ ಹಾಕಲು ಹೇಳಿ. ನೆಡುವಾಗ ಮೇಲ್ಮಣ್ಣಿಗೆ ಎರಡು ಕೆಜಿಯಷ್ಟು ಹಳೇ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ಮೊದಲು ಅದನ್ನೇ ತುಂಬಬೇಕು. ಹಿಂಡಿ ಗೆದ್ದಲಿಗಾಗಿ.

ನೆಡುವ ದಿನಕ್ಕೆ ಎರಡು ಪಾಳಿ ಸಾಕು. ಏಳರಿಂದ ಒಂಬತ್ತು, ಒಂಬತ್ತರಿಂದ ಹನ್ನೊಂದು. ಮೂವರ ಒಂದು ತಂಡ: ಒಬ್ಬರು ಗಿಡ ಹಿಡಿದು ಕೂರಿಸುವವರು, ಒಬ್ಬರು ಮಣ್ಣು ಎಳೆಯುವವರು, ಒಬ್ಬರು ಊರುಗೋಲು ಕಟ್ಟಿ ಪಾತಿ ಮಾಡುವವರು. ಹೊಸಬರಿಗೆ ಒಂದು ಗಿಡಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. ಮೊದಲ ಅರ್ಧ ಗಂಟೆ ಹಾಜರಿ ಹಾಕಿ, ಒಂದು ಗಿಡವನ್ನು ಎಲ್ಲರ ಮುಂದೆ ನೆಟ್ಟು ತೋರಿಸುವುದಕ್ಕೆ ಹೋಗುತ್ತದೆ. ಉಳಿದ ಒಂದೂವರೆ ಗಂಟೆಯಲ್ಲಿ ತಂಡಕ್ಕೆ ಆರು ಗಿಡ. ಪಾಳಿಗೆ ಹತ್ತು ತಂಡ ಅಂದರೆ 60 ಗಿಡ, ಎರಡು ಪಾಳಿಗೆ 120. ಜಾಗವನ್ನು ಹನ್ನೆರಡು ಗಿಡದ ಹತ್ತು ಸಾಲು ಮಾಡಿದರೆ ಒಂದು ಸಾಲಿಗೆ ಎರಡು ತಂಡ ಬರುತ್ತದೆ. ಯಾರೂ ಇನ್ನೊಬ್ಬರ ಕಾಲಿಗೆ ಸಿಕ್ಕುವುದಿಲ್ಲ. ಎರಡು ಪಾಳಿಯ ಇನ್ನೊಂದು ಅನುಕೂಲ ಸಾಮಾನಿನದು. ಹತ್ತು ಗುದ್ದಲಿ, ಹತ್ತು ಸನಿಕೆ, ಹತ್ತು ಬಾಣಲಿ ಇದ್ದರೆ ಸಾಕು. ಒಬ್ಬರು ಕೆಳಗಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ನೆಡುವವರು ಮೂವತ್ತು ಜನ ಆಯಿತು. ಅವರ ಜತೆಗೆ ಪ್ರತಿ ಪಾಳಿಗೂ ಗಿಡ ಹೊರುವವರು ನಾಲ್ವರು, ನೀರಿನವರು ಆರು ಜನ, ಐದೈದು ತಂಡಕ್ಕೆ ಒಬ್ಬರಂತೆ ಸಾಲು ನೋಡುವವರು ಇಬ್ಬರು, ಕವರ್ ಎಣಿಸಿ ಪುಸ್ತಕ ಬರೆಯುವವರು ಇಬ್ಬರು, ಪ್ರಥಮ ಚಿಕಿತ್ಸೆಗೆ ಒಬ್ಬರು. ಒಟ್ಟು 45. ನೀರಿನವರಿಗೆ ಪಾಳಿಗೆ 60 ಬಕೆಟ್ ಬರುತ್ತದೆ, ತಲೆಗೆ ಹತ್ತು. ಈ ಕೆಲಸಕ್ಕೆ ಹುಡುಗರೇ ಆಗಬೇಕು ಎಂದು ಬರೆಯಬೇಡಿ. ಹಳ್ಳಿಯಿಂದ ಬರುವ ನಿಮ್ಮ ಹುಡುಗಿಯರು ಬಿಂದಿಗೆ ಹೊರುವುದನ್ನು ನಿಮಗಿಂತ ಚೆನ್ನಾಗಿ ಬಲ್ಲರು.

ಕವರ್ ಎಣಿಸುವ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಎಷ್ಟೋ ವರ್ಷದ ಹಿಂದೆ ನಾನು ನೋಡಿಕೊಂಡಿದ್ದ ಒಂದು ಕಾರ್ಯಕ್ರಮದಲ್ಲಿ ಎರಡೇ ಗಂಟೆಯಲ್ಲಿ ನಾನೂರು ಗಿಡ ನೆಟ್ಟಿದ್ದೆವು. ನನಗೋ ಹೆಮ್ಮೆಯೋ ಹೆಮ್ಮೆ. ಬೇಸಿಗೆಯಲ್ಲಿ ಹೋಗಿ ಒಣಗಿದ್ದನ್ನು ಕಿತ್ತು ನೋಡಿದರೆ ಒಂದರ ಹಿಂದೆ ಒಂದು, ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಆತುರದಲ್ಲಿ ಕವರ್ ಸಮೇತ ಹೂತಿದ್ದರು. ಕೆಲವರು ತಳ ಮಾತ್ರ ಹರಿದಿದ್ದರು. ಮೇಲಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಅವತ್ತಿನಿಂದ ನಾನು ಸಾಲಿಗೊಂದು ಖಾಲಿ ಸಿಮೆಂಟ್ ಚೀಲ ಇಡಿಸುತ್ತೇನೆ. ಹನ್ನೆರಡು ಗಿಡದ ಸಾಲು ಮುಗಿದಾಗ ಚೀಲದಲ್ಲಿ ಹನ್ನೆರಡು ಕವರ್ ಇರಬೇಕು. ಹನ್ನೊಂದು ಇದ್ದರೆ ಒಂದು ಗಿಡ ಕವರ್ ಸಮೇತ ಮಣ್ಣಿಗೆ ಹೋಗಿದೆ ಅಂತ ಲೆಕ್ಕ. ಮಣ್ಣು ಇನ್ನೂ ಸಡಿಲವಿರುವಾಗಲೇ ಹುಡುಕಿ ತೆಗೆಯಬಹುದು. ಇಡೀ ದಿನದಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇಲ್ಲ. ಭಾರ ಎತ್ತಲಾಗದವರು, ಕೈಗೆ ಪೆಟ್ಟಾದವರು, ಬಿಸಿಲಲ್ಲಿ ಬಗ್ಗಿ ಏಳಲಾಗದವರು ಕೂತೇ ಮಾಡಬಹುದು. ಪೋಸ್ಟ್‌ನಲ್ಲಿ ಅದನ್ನು ಹೇಳಿ.

ಸಾಲು ನೋಡುವ ಇಬ್ಬರಿಗೆ ಹಿಂದಿನ ದಿನವೇ ಕಲಿಸಿಡಿ. ಅವರು ಮುಖ್ಯವಾಗಿ ಮೂರು ಕಡೆ ಕಣ್ಣಿಡಬೇಕು. ಕವರ್ ಬಿಚ್ಚಿದ ಮೇಲೆ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ಸುರುಳಿಯನ್ನು ಬ್ಲೇಡಿನಿಂದ ಕತ್ತರಿಸಬೇಕು, ಹಾಗೇ ಬಿಟ್ಟರೆ ಗಿಡ ವರ್ಷವಾದರೂ ನಿಂತಲ್ಲೇ ನಿಂತಿರುತ್ತದೆ. ಕವರ್‌ನಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ಹೊರಗೂ ಅಲ್ಲಿಯವರೆಗೇ ಮಣ್ಣು ಬರಬೇಕು, ಕಾಂಡ ಹೂತು ಹೋಗಬಾರದು. ಮೂರನೆಯದು ಊರುಗೋಲು. ನಿಮ್ಮ ಕಡೆ ಆ ತಿಂಗಳಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಕೋಲನ್ನು ಪಡುವಣ ಬದಿಗೆ, ಗಿಡ ಇಡುವ ಮೊದಲೇ ಊರಬೇಕು. ಆಮೇಲೆ ಊರಿದರೆ ಬೇರಿಗೇ ಚುಚ್ಚುತ್ತದೆ. ಕಟ್ಟು ಎಂಟರ ಆಕಾರದಲ್ಲಿ, ಸಡಿಲವಾಗಿ, ಹಳೇ ಬಟ್ಟೆಯ ಪಟ್ಟಿಯಲ್ಲಿ. ಪ್ಲಾಸ್ಟಿಕ್ ದಾರ ಕಾಂಡ ಕೊಯ್ಯುತ್ತದೆ. ಗಿಡ ಹೊರುವವರಿಗೂ ಒಂದು ಮಾತು: ಕವರ್ ತಬ್ಬಿ ಎತ್ತಬೇಕು, ಕಾಂಡ ಹಿಡಿದು ಎತ್ತಬಾರದು. ಹಿಂದಿನ ಸಂಜೆ ಗಿಡಗಳಿಗೆ ನೀರು ಹಾಕಿದ್ದರೆ ಹೆಂಟೆ ಒಡೆಯುವುದಿಲ್ಲ.

ಜನ ಮರೆಯುವ ಇನ್ನೊಂದು ಕೆಲಸ ಮುಳ್ಳಿನದು. ಬೇಲಿ ಇಲ್ಲದ ಜಾಗದಲ್ಲಿ ಆಡು ಕುರಿ ಒಂದೇ ಮಧ್ಯಾಹ್ನದಲ್ಲಿ ನಿಮ್ಮ ಸಾಲುಗಳನ್ನು ಮುಗಿಸಿಬಿಡುತ್ತವೆ. ಬಳ್ಳಾರಿ ಜಾಲಿಗಂತೂ ಶಿರಾದಲ್ಲಿ ಬರವಿಲ್ಲ. ಶನಿವಾರ ಸಂಜೆ ಹತ್ತು ಜನ ಹೋಗಿ ಕೊಂಬೆ ಕಡಿದು ತಂದಿಡಲಿ. ಕಾಯಿ ಇರುವ ಕೊಂಬೆ ಬೇಡ, ಇಲ್ಲದಿದ್ದರೆ ಜಾಲಿಯೇ ಮೊಳೆತು ಬರುತ್ತದೆ. ಮುಳ್ಳು ಕಡಿಯುವವರು ಮಚ್ಚು ಹಿಡಿದು ಅಭ್ಯಾಸವಿದ್ದವರೇ ಆಗಿರಲಿ, ಇದನ್ನು ಯಾರಿಗೂ ಅಲ್ಲೇ ಕಲಿಸಲು ಹೋಗಬೇಡಿ.

ಏನು ತರಬೇಕು ಎನ್ನುವುದು ಈ ಜಾಲಿಯಿಂದಲೇ ಶುರುವಾಗುತ್ತದೆ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನು ಸೀಳಿಕೊಂಡು ಕಾಲಿಗೆ ಇಳಿಯುತ್ತದೆ. ಆದ್ದರಿಂದ ಮೊದಲು ಬರೆಯಬೇಕಾದದ್ದು ದಪ್ಪ ತಳದ ಶೂ. ‘ಸಾಧ್ಯವಾದರೆ’ ಅನ್ನಬೇಡಿ. ಶೂ ಇಲ್ಲದವರಿಗೆ ಕವರ್ ಎಣಿಸುವ, ಹಾಜರಿ ಬರೆಯುವ ಕೆಲಸ ಕೊಡಿ. ಎಷ್ಟೋ ಮಕ್ಕಳ ಹತ್ತಿರ ಶೂ ಇರುವುದಿಲ್ಲ, ಅದನ್ನು ಅವರ ಬಾಯಿಂದ ಎಲ್ಲರೆದುರು ಹೇಳಿಸಬೇಡಿ. ಆಮೇಲೆ ತುಂಬು ತೋಳಿನ ಹಳೇ ಅಂಗಿ, ತಲೆಗೆ ಟೋಪಿ ಅಥವಾ ಟವಲ್, ಒಂದು ಲೀಟರ್ ನೀರು, ತಮ್ಮದೇ ತಟ್ಟೆ ಲೋಟ. ಮಳೆಗೆ ಕೊಡೆ ಬೇಡ, ರೇನ್‌ಕೋಟ್ ತರಲಿ. ಎರಡೂ ಕೈ ಖಾಲಿ ಇರಬೇಕಲ್ಲ. ಉಬ್ಬಸ ಇರುವವರು ಇನ್‌ಹೇಲರ್ ತರಲಿ. ಮನೆಯಲ್ಲಿ ಗುದ್ದಲಿ ಇದ್ದವರು ತಂದರೆ ಸಂತೋಷ, ಆದರೆ ಹಿಡಿಯ ಮೇಲೆ ಹೆಸರು ಬರೆದಿರಲಿ. ಗುದ್ದಲಿ ಅದಲು ಬದಲಾದರೆ ಅಪ್ಪ ಅಮ್ಮ ಮುಂದಿನ ಸಲ ಕಳಿಸುವುದಿಲ್ಲ.

ತರಬಾರದ್ದನ್ನೂ ಬರೆಯಿರಿ. ಮನೆಯಿಂದ ಗಿಡ ತರಬೇಡಿ ಅಂತ ಹೇಳಲೇಬೇಕು. ನಾಲ್ಕು ಜನ ಗುಲಾಬಿ, ಮಾವಿನ ಸಸಿ ಹಿಡಿದು ಬರುತ್ತಾರೆ, ಬೇಡ ಅನ್ನಲಾಗದೆ ಸಾಲಿನ ನಡುವೆ ನೆಡುತ್ತೀರಿ, ನಿಮ್ಮ ಲೆಕ್ಕ ತಪ್ಪುತ್ತದೆ.

ಬ್ಲೇಡು, ಕೈಗವಸು, ಬಟ್ಟೆ ಪಟ್ಟಿ, ಚೀಲ, ಪ್ರಥಮ ಚಿಕಿತ್ಸೆ ಡಬ್ಬಿ ಕ್ಲಬ್‌ನದು. ಮೂರು ವಾರ ತೆರೆದಿದ್ದ ಗುಂಡಿಯೊಳಗೆ ಚೇಳು, ಹಾವು ಬಂದು ಕೂತಿರಬಹುದು. ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ ನೋಡಬೇಕು ಎಂದು ಹಾಜರಿ ಹೊತ್ತಿನಲ್ಲೇ ಹೇಳಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಏನೂ ಬೇಡ. ಕೂರಿಸಿ, ಕಚ್ಚಿದ ಕೈಕಾಲು ಅಲ್ಲಾಡದಂತೆ ಹಿಡಿದು, 108ಕ್ಕೆ ಫೋನ್ ಮಾಡಿ ಸರ್ಕಾರಿ ಆಸ್ಪತ್ರೆಗೆ ಹೊರಡಬೇಕು.

ಇನ್ನು ಬರುತ್ತೇನೆ ಎಂದವರೆಲ್ಲ ಬರುವುದಿಲ್ಲ. 45 ಬೇಕಾದ ಪಾಳಿಗೆ 55 ಹೆಸರು ತೆಗೆದುಕೊಂಡು ಫಾರ್ಮ್ ಮುಚ್ಚಿ. ಎರಡು ದಿನ ಮುಂಚೆ ಒಂದು ಮೆಸೇಜ್ ಹಾಕಿ, ಬರಲಾಗದವರು ಈಗಲೇ ಹೇಳಲಿ. ಎಲ್ಲರೂ ಬಂದರೆ ಹೆಚ್ಚಿನವರು ಮುಳ್ಳು ಜೋಡಿಸಲಿ, ಬುಡಕ್ಕೆ ತೆಂಗಿನ ಸಿಪ್ಪೆ ಹಾಸಲಿ. ಸಿಪ್ಪೆ ಹಾಸಿದರೆ ತೇವ ಬೇಗ ಆರುವುದಿಲ್ಲ. ನೂರಾರು ಜನರಿಗೆ ಬಾಗಿಲು ತೆರೆದಿಟ್ಟರೆ ಮತ್ತೆ ಅದೇ ಫೋಟೊ ಕಥೆ.

ಎನ್‌ಎಸ್‌ಎಸ್ ಮಕ್ಕಳು ಗಂಟೆ ಕೇಳುತ್ತಾರೆ. ಕೇಳಲಿ, ವರ್ಷಕ್ಕೆ 120 ಗಂಟೆ ತುಂಬಿಸಬೇಕಲ್ಲ. ಅವರ ಅಧಿಕಾರಿಯ ಜತೆ ಮೊದಲೇ ಮಾತಾಡಿ, ಗುಂಡಿ ತೆಗೆದ ಪ್ರತಿ ಭಾನುವಾರಕ್ಕೆ ಎರಡು ಗಂಟೆ, ನೆಡುವುದಕ್ಕೆ ಎರಡು, ಪ್ರತಿ ಸಲ ನೀರು ಹಾಕಿದ್ದಕ್ಕೆ ಒಂದು ಎಂದು ಗೊತ್ತು ಮಾಡಿಕೊಳ್ಳಿ. ಸರ್ಟಿಫಿಕೇಟ್ ಕೊಡುವುದಿದ್ದರೆ ಆಗಸ್ಟ್‌ನಲ್ಲಿ ಕೊಡಬೇಡಿ, ಬೇಸಿಗೆ ಮುಗಿದ ಮೇಲೆ ಕೊಡಿ. ಇದನ್ನೂ ಪೋಸ್ಟ್‌ನಲ್ಲೇ ಹೇಳಿಬಿಟ್ಟರೆ ಆಮೇಲೆ ಜಗಳವಿಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಹೆಸರು, ಊಟದ ವಿವರ ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ:

“ಕಾಲೇಜಿನ ಹಿಂದೆ 120 ಗಿಡ ನೆಡುತ್ತಿದ್ದೇವೆ. ನಾಲ್ಕು ಥರದ ಕೆಲಸಕ್ಕೆ ಜನ ಬೇಕು. ನಿಮಗೆ ಆಗುವುದನ್ನು ಮಾತ್ರ ಆರಿಸಿಕೊಳ್ಳಿ.

ಗುಂಡಿ ತಂಡ, 40 ಜನ: ಆಗಸ್ಟ್‌ನ ಮೊದಲ ಎರಡು ಭಾನುವಾರ, ಬೆಳಿಗ್ಗೆ 7ರಿಂದ 9. ಎರಡೂ ವಾರ ಬರಬೇಕು.

ಮುಳ್ಳು ತಂಡ, 10 ಜನ: ನೆಡುವ ಹಿಂದಿನ ದಿನ, ಶನಿವಾರ ಸಂಜೆ 4ರಿಂದ 6. ಮಚ್ಚು ಹಿಡಿದು ಅಭ್ಯಾಸ ಇರುವವರು ಮಾತ್ರ.

ನೆಡುವ ತಂಡ, ಪಾಳಿಗೆ 45 ಜನ: ಆಗಸ್ಟ್ ಕೊನೆಯ ಭಾನುವಾರ, 7ರಿಂದ 9 ಅಥವಾ 9ರಿಂದ 11. ನೆಡುವುದು, ಗಿಡ ಹೊರುವುದು, ನೀರು, ಸಾಲು ನೋಡುವುದು, ಕವರ್ ಎಣಿಕೆ. ಭಾರ ಎತ್ತಲಾಗದವರಿಗೆ ಕೂತು ಮಾಡುವ ಕೆಲಸ ಇದೆ, ಫಾರ್ಮ್‌ನಲ್ಲಿ ಟಿಕ್ ಮಾಡಿ, ಕಾರಣ ಬರೆಯಬೇಕಿಲ್ಲ.

ನೀರಿನ ಜೋಡಿ, 16 ಜನ: ಮಳೆ ನಿಂತ ಮೇಲೆ ಮೇ ಕೊನೆವರೆಗೆ, ವಾರಕ್ಕೆ ಒಂದು ಸಂಜೆ, ಒಂದು ಗಂಟೆ. ರಜೆಯಲ್ಲೂ ಇಲ್ಲೇ ಇರುವವರು, ಒಂದು ಅಥವಾ ಎರಡನೇ ವರ್ಷದವರು. ಈ 16 ಹೆಸರು ತುಂಬಿದ ಮೇಲೆಯೇ ಗಿಡ ತರುತ್ತೇವೆ.

ತನ್ನಿ: ದಪ್ಪ ತಳದ ಶೂ, ತುಂಬು ತೋಳಿನ ಹಳೇ ಬಟ್ಟೆ, ಟೋಪಿ, ಒಂದು ಲೀಟರ್ ನೀರು, ತಟ್ಟೆ ಲೋಟ, ರೇನ್‌ಕೋಟ್. ತರಬೇಡಿ: ಕೊಡೆ, ಮನೆಯ ಗಿಡ. ಗುದ್ದಲಿ, ಕೈಗವಸು ನಾವು ಕೊಡುತ್ತೇವೆ. ಒಂಬತ್ತಕ್ಕೆ ಎರಡೂ ಪಾಳಿಯವರಿಗೆ ಚಿತ್ರಾನ್ನ, ಟೀ. ಹೆಣ್ಣುಮಕ್ಕಳ ಶೌಚಾಲಯ ತೆರೆದಿರುತ್ತದೆ. ತುಂತುರು ಮಳೆಗೆ ನಿಲ್ಲಿಸುವುದಿಲ್ಲ. ಗುಡುಗು ಮಿಂಚು ಇದ್ದರೆ ಮುಂದಿನ ಭಾನುವಾರ, ಬೆಳಿಗ್ಗೆ 6ಕ್ಕೆ ಗುಂಪಿನಲ್ಲಿ ತಿಳಿಸುತ್ತೇವೆ.”

ಶೌಚಾಲಯದ ಸಾಲನ್ನು ಬಿಡಬೇಡಿ. ಭಾನುವಾರ ಕಾಲೇಜಿಗೆ ಬೀಗ ಹಾಕಿರುತ್ತಾರೆ, ಅಟೆಂಡರ್ ಅಣ್ಣನಿಗೆ ಶನಿವಾರವೇ ಹೇಳಿ ಬೀಗದ ಕೈ ಇಸಿದುಕೊಳ್ಳಿ. ಪಾಳಿಯ ಹೊತ್ತನ್ನು ಗೊತ್ತು ಮಾಡುವ ಮೊದಲು ಭಾನುವಾರದ ಮೊದಲ ಬಸ್ ಎಷ್ಟಕ್ಕೆ ಬರುತ್ತದೆ ನೋಡಿಕೊಳ್ಳಿ. ದೂರದ ಊರಿನವರಿಗೆ ಎರಡನೇ ಪಾಳಿ ಇಡಿ.

ಫಾರ್ಮ್‌ನಲ್ಲಿ ಹೆಸರು, ತರಗತಿ, ಕೆಲಸ, ಪಾಳಿ, ಏಪ್ರಿಲ್ ಮೇನಲ್ಲಿ ಎಲ್ಲಿರುತ್ತೀರಿ, ಮನೆಯವರ ಫೋನ್ ನಂಬರ್ ಇಷ್ಟು ಕೇಳಿದರೆ ಸಾಕು. ತುಂಬಿದ ಶೀಟನ್ನು ಹಾಗೇ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅದರಲ್ಲಿ ಎಲ್ಲರ ನಂಬರ್ ಇರುತ್ತದೆ. ಹೆಸರು ಮತ್ತು ಸಾಲಿನ ಸಂಖ್ಯೆ ಮಾತ್ರ ಬೇರೆ ಬರೆದು ಹಾಕಿ. ಪೂರ್ತಿ ಪಟ್ಟಿ ಪ್ರಥಮ ಚಿಕಿತ್ಸೆಯವರ ಹತ್ತಿರ ಕಾಗದದಲ್ಲಿ ಇರಲಿ. ಆ ಜಾಗದಲ್ಲಿ ನೆಟ್‌ವರ್ಕ್ ಸಿಗುತ್ತದೋ ಇಲ್ಲವೋ ಎಂದು ಗುಂಡಿ ತೆಗೆಯುವ ವಾರವೇ ನೋಡಿಟ್ಟುಕೊಳ್ಳಿ.